ಬೇಸಿಗೆಯ ಬಟ್ಟೆಗಳನ್ನೇ ಚಳಿಗಾಲಕ್ಕೂ ಒಯ್ಯುವುದು ಹೇಗೆ? ಧಾರವಾಡ–ಹುಬ್ಬಳ್ಳಿ ಓಡಾಡುವವರು ಹೇಳಿ

ಸಪ್ತಾಪುರದ ರೇಖಾ · ಸೆಪ್ಟೆಂಬರ್ 28

ಎಲ್ಲರಿಗೂ ನಮಸ್ಕಾರ. ನಾನು ಹೊಸಪೇಟೆಯವಳು. ಮಾರ್ಚ್‌ನಲ್ಲಿ ಕೆಲಸಕ್ಕೆಂದು ಧಾರವಾಡಕ್ಕೆ ಬಂದೆ. ನಮ್ಮೂರಲ್ಲಿ ಸ್ವೆಟರ್ ಹಾಕಿದ್ದು ನೆನಪೇ ಇಲ್ಲ. ಇಲ್ಲಿ ಆಗಸ್ಟ್‌ನಲ್ಲೇ ಬೆಳಗ್ಗೆ ನಡುಕ ಬಂತು. ಡಿಸೆಂಬರ್ ಹೇಗಿರುತ್ತದೋ ಅಂತ ಈಗಲೇ ಯೋಚನೆ ಶುರುವಾಗಿದೆ.

ನನ್ನ ದಿನಚರಿ ಹೇಳುತ್ತೇನೆ. ಹುಬ್ಬಳ್ಳಿಯ ಒಂದು ರಕ್ತ ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ. ಬೆಳಗ್ಗೆ 6ಕ್ಕೆ ಮನೆ ಬಿಡುತ್ತೇನೆ. ವಾರದಲ್ಲಿ ನಾಲ್ಕು ದಿನ ಜುಬಿಲಿ ಸರ್ಕಲ್‌ನಿಂದ ಚಿಗರಿ ಬಸ್ಸು, ಅದರಲ್ಲಿ ಎಸಿ. ಎರಡು ದಿನ ಮನೆ ಮನೆಗೆ ಹೋಗಿ ಸ್ಯಾಂಪಲ್ ತರಬೇಕು, ಅವತ್ತು ಸ್ಕೂಟಿಯಲ್ಲೇ ಹುಬ್ಬಳ್ಳಿಗೆ. ಮಧ್ಯಾಹ್ನ 3ಕ್ಕೆ ಹೊರಗೆ ಬಂದರೆ ಬಿಸಿಲು ಚುರುಚುರು.

ನನ್ನ ಹತ್ತಿರ ಇರುವುದು ಕಾಟನ್ ಕುರ್ತಾ ಆರು. ಅದರಲ್ಲಿ ನಾಲ್ಕು ಮೊಳಕೈ ತೋಳಿನವು, ಎರಡು ಗಿಡ್ಡ ತೋಳಿನವು. ಪಲಾಝೊ ಎರಡು, ಜೀನ್ಸ್ ಒಂದು, ವೇಲ್ ನಾಲ್ಕು. ಸ್ಕೂಟಿಯ ಮೇಲೆ ಹಾಕುವ ತಿಳಿನೀಲಿ ಬಿಸಿಲು ಕೋಟು ಒಂದು. ರೂಮಿನಲ್ಲಿ ನನ್ನ ಪಾಲಿಗೆ ಕಪಾಟಿನ ಒಂದೇ ಅರೆ. ಹೊಸದಾಗಿ ಚಳಿಗಾಲದ ಬಟ್ಟೆ ಅಂತ ಒಂದು ರಾಶಿ ಕೊಳ್ಳಲು ದುಡ್ಡೂ ಇಲ್ಲ, ಜಾಗವೂ ಇಲ್ಲ. ಹೆಚ್ಚೆಂದರೆ 1500 ರೂಪಾಯಿ. ಯಾವ ಒಂದೆರಡು ಬಟ್ಟೆ ಬದಲಿಸಿದರೆ ಈ ಆರು ಕುರ್ತಾದಲ್ಲೇ ಜನವರಿ ದಾಟಬಹುದು?

ನವನಗರದ ಪ್ರಶಾಂತ · ಸೆಪ್ಟೆಂಬರ್ 28

ಸುಲಭ ಇದೆ ಮೇಡಂ. ಎರಡು ಥರ್ಮಲ್ ತೊಗೊಳ್ಳಿ, ಒಳಗೆ ಹಾಕಿಕೊಳ್ಳುತ್ತಾರಲ್ಲ, ಅದು. ಮೇಲಿನ ಬಟ್ಟೆ ಯಾವುದೂ ಬದಲಿಸಬೇಕಿಲ್ಲ, ಹೊರಗಿನಿಂದ ಕಾಣುವುದೂ ಇಲ್ಲ. ನಾನು ದೆಹಲಿಯಲ್ಲಿ ಮೂರು ವರ್ಷ ಇದ್ದೆ. ಅದರಲ್ಲೇ ಕಾಲ ಕಳೆದೆ. ಎರಡಕ್ಕೆ ಸಾವಿರದೊಳಗೆ ಆಗುತ್ತದೆ.

ಮಾಳಮಡ್ಡಿ ಅಜ್ಜಿ · ಸೆಪ್ಟೆಂಬರ್ 29

ರೇಖಾ, ಬಟ್ಟೆ ಇಡುವ ಬಗ್ಗೆ ಕೇಳಿದ್ದೀಯಲ್ಲ, ಹೇಳುತ್ತೇನೆ ಕೇಳು. ಬೇಸಿಗೆಯ ಬಟ್ಟೆಯನ್ನು ಗಂಜಿ ಹಾಕಿ ಟ್ರಂಕಿನಲ್ಲಿ ಇಡಬೇಡ, ಗಂಜಿಗೆ ಹುಳ ಬರುತ್ತದೆ. ಒಗೆದು ಚೆನ್ನಾಗಿ ಒಣಗಿಸಿ ಇಡು. ಬೇವಿನ ಎಲೆಯನ್ನು ನೆರಳಲ್ಲಿ ಒಣಗಿಸಿ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಮೂಲೆಗೆ ಹಾಕು. ಡಾಂಬರು ಗುಳಿಗೆ ಹಾಕಿದರೆ ಉಡುವ ಮೊದಲು ಒಂದು ದಿನ ಗಾಳಿಗೆ ಹರವಬೇಕು, ಇಲ್ಲದಿದ್ದರೆ ತಲೆನೋವು.

ಸಪ್ತಾಪುರದ ರೇಖಾ · ಸೆಪ್ಟೆಂಬರ್ 29

ಅಜ್ಜಿ, ಥ್ಯಾಂಕ್ಸ್. ಆದರೆ ನಾನು ಬೇಸಿಗೆಯ ಬಟ್ಟೆಯನ್ನು ಎತ್ತಿಡಬಾರದು ಅಂತಲೇ ನೋಡುತ್ತಿದ್ದೇನೆ. ಅದನ್ನೇ ಚಳಿಗೂ ಹಾಕಬೇಕು.

ಪ್ರಶಾಂತ ಅವರೇ, ಥರ್ಮಲ್ ಬಗ್ಗೆ ಒಂದು ಅನುಮಾನ. 11 ಗಂಟೆಗೆ ಸೆಖೆ ಶುರುವಾದಾಗ ಅದನ್ನು ಎಲ್ಲಿ ಬಿಚ್ಚಲಿ?

ಬೆಟಗೇರಿ ಶಾರದಕ್ಕ · ಸೆಪ್ಟೆಂಬರ್ 29

ರೇಖಾ ತಂಗೀ, ನಿನ್ನ ಕೊನೆಯ ಪ್ರಶ್ನೆಯಲ್ಲೇ ಉತ್ತರ ಇದೆ. ಬೆಟಗೇರಿಯಲ್ಲಿ ನನ್ನದು ಹೊಲಿಗೆ ಅಂಗಡಿ. ಇಪ್ಪತ್ತಾರು ವರ್ಷ ಆಯಿತು. ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಇದೇ ತಪ್ಪನ್ನು ನೋಡುತ್ತೇನೆ.

ನಮ್ಮ ಕಡೆ ಚಳಿ ಅಂದರೆ ಇಡೀ ದಿನದ ಚಳಿ ಅಲ್ಲ. ಡಿಸೆಂಬರ್‌ನಲ್ಲಿ ಬೆಳಗ್ಗೆ 6ಕ್ಕೆ 14–15 ಡಿಗ್ರಿ ಇದ್ದರೆ ಮಧ್ಯಾಹ್ನ 29–30 ಆಗಿರುತ್ತದೆ. ಪ್ರಶಾಂತ ಅಣ್ಣ ಹೇಳಿದ ಥರ್ಮಲ್ ದೆಹಲಿಗೆ ಸರಿ. ಅಲ್ಲಿ ಜನವರಿಯಲ್ಲಿ ಎಷ್ಟೋ ದಿನ ಮಧ್ಯಾಹ್ನವೂ ಥಂಡಿ ಬಿಡುವುದಿಲ್ಲ. ಇಲ್ಲಿ ಮೈಗೆ ತಾಗಿದ ಬಟ್ಟೆಯನ್ನು ಮಧ್ಯಾಹ್ನ ತೆಗೆಯಲು ಆಗುವುದಿಲ್ಲ. ಬೆವರನ್ನೆಲ್ಲ ಅದೇ ಕುಡಿಯುತ್ತದೆ. ಸಂಜೆ ಮತ್ತೆ ಗಾಳಿ ಬೀಸಿದಾಗ ಆ ಒದ್ದೆ ಬಟ್ಟೆಯೇ ಮೈ ಕೊರೆಯುತ್ತದೆ. ಹಾಗಾಗಿ ಒಳಗಿನದು ಬೇಸಿಗೆಯದೇ ಇರಲಿ. ಬದಲಾಗಬೇಕಾದದ್ದು ಹೊರಗಿನಿಂದ ಕಳಚಿ ಕೈಚೀಲಕ್ಕೆ ಹಾಕುವಂಥದ್ದು.

ಇನ್ನೊಂದು ಕೇಳುತ್ತೇನೆ. ನಿನ್ನ ಬಿಸಿಲು ಕೋಟು ಯಾವ ಬಟ್ಟೆ? ಅದನ್ನು ಬಾಯಿಗೆ ಒತ್ತಿ ಹಿಡಿದು ಜೋರಾಗಿ ಊದಿ ನೋಡು. ಕೋಟಿನ ಆಚೆ ಎರಡು ಇಂಚು ದೂರದಲ್ಲಿ ಅಂಗೈ ಹಿಡಿ. ಉಸಿರು ಅಂಗೈಗೆ ಎಷ್ಟು ತಾಗುತ್ತದೆ ಅಂತ ಹೇಳು.

ಸಪ್ತಾಪುರದ ರೇಖಾ · ಸೆಪ್ಟೆಂಬರ್ 29

ಊದಿ ನೋಡಿದೆ ಅಕ್ಕಾ. ಕೋಟು ಕಾಟನ್‌ದೇ. ಅದರಲ್ಲಿ ಬಹಳ ಕಷ್ಟ, ಅಂಗೈಗೆ ಏನೋ ಒಂಚೂರು ಬಿಸಿ ಗೊತ್ತಾಗುತ್ತದೆ ಅಷ್ಟೇ. ಕುರ್ತಾದಲ್ಲಿ ಸಲೀಸಾಗಿ ಹೋಗುತ್ತದೆ. ರೂಮ್‌ಮೇಟ್‌ಳ ಸ್ವೆಟರ್‌ನಲ್ಲಿ ಊದಿದರೆ ಏನೂ ಅಡ್ಡ ಇಲ್ಲದ ಹಾಗೆ ದಾಟಿ ಬರುತ್ತದೆ! ಅದು ದಪ್ಪ ಸ್ವೆಟರ್, ಹಾಗಾಗಿ ಆಶ್ಚರ್ಯ ಆಯಿತು.

ಬೆಟಗೇರಿ ಶಾರದಕ್ಕ · ಸೆಪ್ಟೆಂಬರ್ 30

ಅದೇ ನೋಡು. ನಿನಗೆ ಬೇಕಾದ ಅರ್ಧ ಸಾಮಾನು ಆಗಲೇ ನಿನ್ನ ಹತ್ತಿರ ಇದೆ.

ಸ್ವೆಟರ್ ಬೆಚ್ಚಗಿಡುವುದು ನೂಲಿನಿಂದಲ್ಲ, ನೂಲಿನ ನಡುವೆ ಸಿಕ್ಕಿಕೊಂಡು ನಿಂತ ಗಾಳಿಯಿಂದ. ಮನೆಯೊಳಗೆ ಕೂತಾಗ ಆ ಗಾಳಿ ಅಲ್ಲೇ ನಿಂತಿರುತ್ತದೆ, ಮೈ ಬಿಸಿಗೆ ಬೆಚ್ಚಗಾಗುತ್ತದೆ. ಸ್ಕೂಟಿ ಹತ್ತಿ ನವಲೂರು ದಾಟುವ ಹೊತ್ತಿಗೆ ಎದುರು ಗಾಳಿ ಹೆಣಿಗೆಯ ಕಣ್ಣುಗಳಲ್ಲಿ ನುಗ್ಗಿ ಆ ಬಿಸಿಯನ್ನೆಲ್ಲ ತಳ್ಳಿ ಹಾಕುತ್ತದೆ. ಆಗ ಎಷ್ಟು ದಪ್ಪ ಸ್ವೆಟರ್ ಇದ್ದರೂ ಎದೆ ಥಂಡಿ. ಜನ ಏನು ಮಾಡುತ್ತಾರೆ? ಇನ್ನೂ ದಪ್ಪದ್ದು ತರುತ್ತಾರೆ. ಅದು ಮಧ್ಯಾಹ್ನಕ್ಕೆ ಹೊರೆ.

ನೀನು ಹೀಗೆ ಮಾಡು. ಒಳಗೆ ಕುರ್ತಾ. ಅದರ ಮೇಲೆ ತೆಳ್ಳಗಿನ ಒಂದು ಉಣ್ಣೆ ಸ್ವೆಟರ್, ಮುಂದೆ ಗುಂಡಿ ಇರುವುದು. ಅದರ ಮೇಲೆ ಬಿಸಿಲು ಕೋಟು. ಏಪ್ರಿಲ್‌ನಲ್ಲಿ ಬಿಸಿಲು ತಡೆದ ಕೋಟು ಡಿಸೆಂಬರ್‌ನಲ್ಲಿ ಗಾಳಿ ತಡೆಯುತ್ತದೆ. ಕೊಳ್ಳಬೇಕಾದದ್ದು ಸ್ವೆಟರ್ ಒಂದೇ. ಎಷ್ಟೋ ಜನ ಕೋಟು ಒಳಗೆ, ಸ್ವೆಟರ್ ಹೊರಗೆ ಹಾಕುತ್ತಾರೆ, ಸ್ವೆಟರ್ ಚೆಂದ ಕಾಣಲಿ ಅಂತ. ಆ ಕ್ರಮದಲ್ಲಿ ಗಾಡಿಯ ಮೇಲೆ ಸ್ವೆಟರ್‌ನ ಅರ್ಧ ಬಿಸಿ ಹಾಳು.

ಗರಗದ ಕಾಕಾ · ಸೆಪ್ಟೆಂಬರ್ 30

ನಾನು ಹೇಳುವುದು ಇನ್ನೂ ಸರಳ. ಖಾದಿ ಹಾಕಿ. ನಮ್ಮ ಗರಗದ ಖಾದಿಯಿಂದ ರಾಷ್ಟ್ರಧ್ವಜ ಆಗುತ್ತದೆ, 1954ರಿಂದ ನೂಲುವ ಕೆಲಸ ನಡೆದುಕೊಂಡು ಬಂದಿದೆ. ನಾನು ನಲವತ್ತು ವರ್ಷದಿಂದ ಅದೇ ಉದ್ದ ತೋಳಿನ ಖಾದಿ ಅಂಗಿ ಹಾಕುತ್ತೇನೆ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಕೈನೂಲು ಒಂದೇ ಸಮ ಇರುವುದಿಲ್ಲ, ಅದರ ಏರುತಗ್ಗಿನಲ್ಲಿ ಗಾಳಿ ಹಿಡಿದಿಡುತ್ತದೆ. ಸ್ವೆಟರ್ ಯಾಕೆ ಬೇಕು?

ಬೆಟಗೇರಿ ಶಾರದಕ್ಕ · ಸೆಪ್ಟೆಂಬರ್ 30

ಕಾಕಾ, ನೀವು ಹೇಳಿದ್ದು ಅಂಗಳದಲ್ಲಿ, ಹೊಲದಲ್ಲಿ ನಡೆದಾಡುವವರಿಗೆ ನಿಜ. ಒಳಗೆ ಹಾಕಲು ಖಾದಿಯಷ್ಟು ಒಳ್ಳೆಯದು ಇಲ್ಲ, ನಾನೂ ಒಪ್ಪುತ್ತೇನೆ. ಆದರೆ ಈ ಹುಡುಗಿ ಬೆಳಗಿನ 6 ಗಂಟೆಗೆ ಸ್ಕೂಟಿಯ ಮೇಲೆ ಇರುತ್ತಾಳೆ. ಗಾಳಿ ಹಿಡಿದಿಡುವ ಆ ಏರುತಗ್ಗಿನಲ್ಲೇ ಎದುರು ಗಾಳಿ ಒಳಗೂ ಬರುತ್ತದೆ. ಖಾದಿ ಅಂಗಿಯನ್ನು ಒಮ್ಮೆ ಊದಿ ನೋಡಿ. ಇನ್ನೊಂದು, ಖಾದಿ ನೀರು ಕುಡಿದರೆ ಒಣಗಲು ಹೊತ್ತು ಬೇಕು. ಜುಲೈನಲ್ಲಿ ನಿಮ್ಮ ಗರಗದ ಜಿಟಿಜಿಟಿ ಮಳೆಯಲ್ಲಿ ಅದು ಗೊತ್ತೇ ಇರುತ್ತದಲ್ಲ.

ಗರಗದ ಕಾಕಾ · ಅಕ್ಟೋಬರ್ 1

ಊದಿ ನೋಡಿದೆ. ದಾಟುತ್ತದೆ, ಸುಳ್ಳು ಹೇಳುವುದಿಲ್ಲ. ಆದರೂ ನನಗೆ ಚಳಿ ಆಗಿಲ್ಲ. ನಾನು ಗಾಡಿ ಹೊಡೆಯುವುದಿಲ್ಲ, ಅದು ನಿಜ. ಹಿಂದೆ ನಮ್ಮ ಊರಿನ ಪೇಪರ್ ಹಂಚುವ ಹುಡುಗರು ಸೈಕಲ್ ಮೇಲೆ ಹೋಗುವಾಗ ಸ್ವೆಟರ್ ಒಳಗೆ ಎದೆಗೆ ಒಂದು ಪೇಪರ್ ಮಡಚಿ ಇಟ್ಟುಕೊಳ್ಳುತ್ತಿದ್ದರು. ಯಾಕೆ ಅಂತ ಆಗ ಯೋಚಿಸಿರಲಿಲ್ಲ.

ರಾಣೆಬೆನ್ನೂರು ಮಂಜು · ಅಕ್ಟೋಬರ್ 1

ನಡುವೆ ನನ್ನದೊಂದು. ನಮ್ಮ ಅಜ್ಜನ ಕಾಲದ ಮೆಡ್ಲೇರಿ ಕಂಬಳಿ ಮನೆಯಲ್ಲಿದೆ. ಕರಿ ಕುರಿಯ ಉಣ್ಣೆ, ಈಗಲೂ ಗಟ್ಟಿ. ಅದನ್ನು ಕತ್ತರಿಸಿ ತೋಳಿಲ್ಲದ ಜಾಕೆಟ್ ಹೊಲಿಸಬೇಕು ಅಂತ ಆಸೆ. ಬೇಸಿಗೆಯ ಅಂಗಿಗಳ ಮೇಲೆಯೇ ಹಾಕಬಹುದಲ್ಲ. ಆಗುತ್ತದೆಯೇ ಶಾರದಕ್ಕ?

ಬೆಟಗೇರಿ ಶಾರದಕ್ಕ · ಅಕ್ಟೋಬರ್ 1

ಆಗುತ್ತದೆ ಮಂಜು, ಆದರೆ ನನಗೆ ಮನಸ್ಸು ಬರುವುದಿಲ್ಲ. ಕಂಬಳಿಯನ್ನು ಕತ್ತರಿಸಿದ ಕೂಡಲೇ ಅಂಚು ಎಳೆ ಬಿಚ್ಚಲು ಶುರು ಮಾಡುತ್ತದೆ. ಎಲ್ಲ ಅಂಚಿಗೂ ಪಟ್ಟಿ ಕಟ್ಟಬೇಕು. ಒಳಗೆ ಅಸ್ತರ ಇಲ್ಲದಿದ್ದರೆ ಕುತ್ತಿಗೆಗೆ ಚುಚ್ಚುತ್ತದೆ. ಭುಜದ ಹೊಲಿಗೆಯಲ್ಲಿ ಎರಡು ಪದರ ಸೇರಿದರೆ ಮನೆಯ ಮಷಿನ್ನಿನ ಸೂಜಿ ಮುರಿಯುತ್ತದೆ. ನೇಯ್ದವರು ಅದನ್ನು ಹೊದೆಯಲು ಮಾಡಿದ್ದು, ಅಂಚು ಕತ್ತರಿಸದೆ ಇರುವವರೆಗೆ ಅದರ ಆಯುಷ್ಯ. ಅಜ್ಜನ ಕಂಬಳಿ ಅಂತೀಯ, ಯೋಚಿಸು.

ಹಾವೇರಿ ನಿಂಗಪ್ಪ · ಅಕ್ಟೋಬರ್ 1

ಮಂಜು, ಕತ್ತರಿಸು. ಟ್ರಂಕಿನಲ್ಲಿ ಹುಳ ತಿನ್ನುವುದಕ್ಕಿಂತ ಮೈಮೇಲೆ ಇರಲಿ. ನಮ್ಮ ಮನೆಯಲ್ಲಿ ಹಾಗೆ ಎತ್ತಿಟ್ಟ ಎರಡು ಕಂಬಳಿ ಜರಡಿ ಆಗಿ ಹೋದವು.

ಶಿರಹಟ್ಟಿ ರೈತ · ಅಕ್ಟೋಬರ್ 2

ಹಿಂಗಾರಿ ಜೋಳಕ್ಕೆ ಬೆಳಗ್ಗೆ ಹೊಲಕ್ಕೆ ಹೋಗುತ್ತೇವೆ. ತಲೆಗೆ ಟವೆಲ್, ಮೈಗೆ ಬನಿಯನ್ನು, ಅಂಗಿ, ಮೇಲೊಂದು ಸ್ವೆಟರ್. 9 ಗಂಟೆಗೆ ಸ್ವೆಟರ್ ಬದುವಿನ ಮೇಲೆ. 10ಕ್ಕೆ ಟವೆಲ್ ಸೊಂಟಕ್ಕೆ. ಶಾರದಕ್ಕ ಹೇಳಿದ್ದು ಸರಿ, ಬಿಚ್ಚಲು ಬರಬೇಕು.

ನವನಗರದ ಪ್ರಶಾಂತ · ಅಕ್ಟೋಬರ್ 2

ಸರಿ, ಥರ್ಮಲ್ ಮಾತು ವಾಪಸ್ ತೊಗೊಂಡೆ. ಆದರೆ ಬಿಸಿಲು ಕೋಟಿನ ಬದಲು ಒಂದು ನೈಲಾನ್ ವಿಂಡ್‌ಚೀಟರ್ ಇನ್ನೂ ಒಳ್ಳೆಯದಲ್ವಾ? ಒಂದು ಹನಿ ಗಾಳಿಯೂ ನುಗ್ಗುವುದಿಲ್ಲ. ಮಳೆಗೂ ಆಗುತ್ತದೆ.

ಬೆಟಗೇರಿ ಶಾರದಕ್ಕ · ಅಕ್ಟೋಬರ್ 2

ಮಳೆಗಾಲಕ್ಕೆ ಅದೇ ಸರಿ ಅಣ್ಣಾ. ಧಾರವಾಡದ ಜೂನ್–ಆಗಸ್ಟ್ ಚಳಿ ಬೇರೆ ಜಾತಿಯದು, ಒದ್ದೆ ಚಳಿ. ಅವಾಗ ಸ್ವೆಟರ್ ಹೊರಗೆ ತೆಗೆದರೆ ನೀರು ಕುಡಿದು ಎರಡು ದಿನ ಒಣಗುವುದಿಲ್ಲ. ಕಾಟನ್ ಕುರ್ತಾ ಮೇಲೆ ಬರೀ ವಿಂಡ್‌ಚೀಟರ್ ಸಾಕು.

ಡಿಸೆಂಬರ್‌ಗೆ ನನ್ನ ಆಯ್ಕೆ ಬಿಸಿಲು ಕೋಟೇ. ಅಗ್ಗದ ನೈಲಾನ್ ಜರ್ಕಿನ್‌ನಲ್ಲಿ ಗಾಳಿ ಒಳಗೆ ಬರುವುದಿಲ್ಲ, ಹಾಗೇ ಮೈಯ ಆವಿಯೂ ಹೊರಗೆ ಹೋಗುವುದಿಲ್ಲ. ಅರ್ಧ ಗಂಟೆ ಗಾಡಿ ಓಡಿಸಿ ಇಳಿದು ಬೆನ್ನು ಮುಟ್ಟಿ ನೋಡಿಕೊಳ್ಳಿ. ಕುರ್ತಾ ತೇವ ಇರುತ್ತದೆ. ಹಾಗೇ ಎಸಿ ಬಸ್ಸು ಹತ್ತಿದರೆ ನಡುಕ. ಬಿಗಿ ನೇಯ್ಗೆಯ ಕಾಟನ್ ಗಾಳಿಯನ್ನು ಮುಕ್ಕಾಲು ಪಾಲು ತಡೆಯುತ್ತದೆ, ಆವಿಯನ್ನೂ ಬಿಡುತ್ತದೆ. ನಮ್ಮ 15 ಡಿಗ್ರಿಗೆ ಆ ಮುಕ್ಕಾಲು ಸಾಕು.

ನವನಗರದ ಪ್ರಶಾಂತ · ಅಕ್ಟೋಬರ್ 2

ನನಗೆ ಆ ತೇವದ ತೊಂದರೆ ಬಂದಿಲ್ಲ ಅಕ್ಕಾ. ನನ್ನ ಜರ್ಕಿನ್‌ಗೆ ಬಗಲಲ್ಲಿ ಜಾಳಿಗೆ ಇದೆ. ಹೀಗಾಗಿ ಇದರಲ್ಲಿ ನನ್ನ ಅಭಿಪ್ರಾಯ ಬೇರೆಯೇ ಇರಲಿ.

ಸಪ್ತಾಪುರದ ರೇಖಾ · ಅಕ್ಟೋಬರ್ 12

ಅಕ್ಕಾ, ಒಂದು ಅಡಚಣೆ ಬಂತು. ರೂಮ್‌ಮೇಟ್‌ಳ ಸ್ವೆಟರ್ ಹಾಕಿ ಅದರ ಮೇಲೆ ಕೋಟು ಹಾಕಿ ನೋಡಿದೆ. ಬಗಲಲ್ಲಿ ಬಿಗಿ ಹಿಡಿಯುತ್ತದೆ. ಹ್ಯಾಂಡಲ್ ಹಿಡಿಯಲು ಕೈ ಮುಂದೆ ಚಾಚಿದರೆ ಬೆನ್ನು ಎಳೆಯುತ್ತದೆ. ಕುರ್ತಾದ ತೋಳು ಒಳಗೆ ಮುದ್ದೆ ಆಗುತ್ತದೆ. ಹೊಸ ಕೋಟು ಕೊಳ್ಳಬೇಕಾ?

ಬೆಟಗೇರಿ ಶಾರದಕ್ಕ · ಅಕ್ಟೋಬರ್ 12

ಬೇಡ ಬೇಡ. ಇದು ಹೊಲಿಗೆಯಲ್ಲಿ ಸರಿ ಆಗುವಂಥದ್ದು. ಆದರೆ ಬಿಗಿಯಾಗಿಯೇ ಹಾಕಿಕೊಂಡು ಓಡಾಡಬೇಡ. ಮೇಲಿನ ಬಟ್ಟೆ ಒತ್ತಿದರೆ ಸ್ವೆಟರ್ ಚಪ್ಪಟೆ ಆಗುತ್ತದೆ, ಒಳಗೆ ನಿಂತ ಗಾಳಿ ಹೊರಗೆ ಹೋಗುತ್ತದೆ. ಮೂರು ಬಟ್ಟೆ ಹಾಕಿಯೂ ಚಳಿ ಅನ್ನುವವರನ್ನು ನೋಡಿದರೆ ಹತ್ತರಲ್ಲಿ ಏಳು ಜನರದ್ದು ಇದೇ ಕಥೆ.

ಟೇಪು ತೊಗೊಂಡು ಮೂರು ಅಳತೆ ಹೇಳು. ನಿನ್ನ ಎದೆ ಸುತ್ತು, ಕುರ್ತಾದ ಎದೆ ಸುತ್ತು, ಕೋಟಿನ ಎದೆ ಸುತ್ತು. ಬಟ್ಟೆಯನ್ನು ಮಂಚದ ಮೇಲೆ ಹರವಿ ಬಗಲಿನಿಂದ ಬಗಲಿಗೆ ಅಳೆದು ಎರಡರಿಂದ ಗುಣಿಸು.

ಸಪ್ತಾಪುರದ ರೇಖಾ · ಅಕ್ಟೋಬರ್ 12

ನನ್ನದು 36. ಕುರ್ತಾ 39. ಕೋಟು 41.

ಬೆಟಗೇರಿ ಶಾರದಕ್ಕ · ಅಕ್ಟೋಬರ್ 13

ಲೆಕ್ಕ ನೋಡು. ಕುರ್ತಾ 39 ಇದೆ. ತೆಳ್ಳನೆಯ ಸ್ವೆಟರ್ ಅದರ ಮೇಲೆ ಕೂತರೆ ಸುತ್ತಲೂ ಒಂದೂವರೆ ಇಂಚು ಏರುತ್ತದೆ, ಅಂದರೆ ಸುಮಾರು 40½. ಕೋಟು 41 ಅಂದರೆ ಉಸಿರಾಡಲು ಅರ್ಧ ಇಂಚು ಮಾತ್ರ ಉಳಿಯಿತು. ಕೈ ಚಾಚಲು ಕನಿಷ್ಠ ಮೂರು ಇಂಚು ಬೇಕು. ಹಾಗಾಗಿ ಕೋಟು 43½ ಆಗಬೇಕು. ಎರಡೂವರೆ ಇಂಚು ಕೂಡಿಸಬೇಕು.

ರೆಡಿಮೇಡ್ ಕೋಟಿನ ಒಳಗೆ ಬಿಚ್ಚಲು ಬಟ್ಟೆ ಬಿಟ್ಟಿರುವುದಿಲ್ಲ. ಅದಕ್ಕೆ ಎರಡೂ ಪಕ್ಕೆಯ ಹೊಲಿಗೆ ಬಿಚ್ಚಿಸು. ಬಗಲಿನಿಂದ ಕೆಳಗಿನ ಅಂಚಿನವರೆಗೆ ಒಂದೊಂದು ಪಟ್ಟಿ ಇಡಿಸು. ಪಟ್ಟಿ ಹೊಲಿದ ಮೇಲೆ ಒಂದೂಕಾಲು ಇಂಚು ಅಗಲ ಕಾಣಬೇಕು. ಎರಡು ಕಡೆ ಅರ್ಧ ಅರ್ಧ ಇಂಚು ಹೊಲಿಗೆಗೆ ಹೋಗುತ್ತದೆ, ಆದ್ದರಿಂದ ಕತ್ತರಿಸುವಾಗ ಎರಡೂಕಾಲು ಇಂಚು. ಮುಖ್ಯ ವಿಷಯ ಈಗ ಹೇಳುತ್ತೇನೆ. ಪಟ್ಟಿ ಬಗಲಿಗೆ ನಿಲ್ಲಬಾರದು. ಹಾಗೇ ಮುಂದುವರಿದು ತೋಳಿನ ಕೆಳಗೆ ಮೊಳಕೈವರೆಗೆ ಹೋಗಬೇಕು, ಅಲ್ಲಿಗೆ ಸಣ್ಣಗಾಗಿ ಮುಗಿಯಬೇಕು. ಇಲ್ಲದಿದ್ದರೆ ಎದೆ ಸಡಿಲ ಆಗುತ್ತದೆ, ತೋಳು ಬಿಗಿಯಾಗಿಯೇ ಉಳಿಯುತ್ತದೆ.

ಪಟ್ಟಿಗೆ ಹೊಸ ಬಟ್ಟೆ ತೊಗೊಂಡರೆ ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಕೊಡು. ನಿನ್ನ ಕೋಟು ಹತ್ತಾರು ಸಲ ಒಗೆದು ಕುಗ್ಗುವಷ್ಟು ಕುಗ್ಗಿದೆ. ಹೊಸ ಬಟ್ಟೆ ಕುಗ್ಗಿಲ್ಲ.

ಮತ್ತೆ, ಸ್ವೆಟರ್ ಕೊಳ್ಳುವಾಗ ನಿನ್ನ ಕುರ್ತಾ ಹಾಕಿಕೊಂಡೇ ಹೋಗು. ಬನಿಯನ್ ಮೇಲೆ ಹಾಕಿ ನೋಡಿ ತಂದರೆ ಮತ್ತೆ ಇದೇ ಕಥೆ.

ಉಣಕಲ್ ವಿನಯಾ · ಅಕ್ಟೋಬರ್ 13

ನಾನು ಜವಳಿ ವಿಷಯ ಓದಿದವಳು. ಒಂದು ಮಾತು ಸೇರಿಸುತ್ತೇನೆ. ಬೀದಿಯಲ್ಲಿ ಉಣ್ಣೆ ಅಂತ ಮಾರುವ ಸ್ವೆಟರ್ ಬಹಳಷ್ಟು ಸಲ ಅಕ್ರಿಲಿಕ್ ಇರುತ್ತದೆ. ಅಕ್ರಿಲಿಕ್ ಕೆಟ್ಟದ್ದಲ್ಲ, ಹಗುರ, ಒಗೆಯಲು ಸುಲಭ. ಆದರೆ ರೇಖಾ ಥರ ಬೆವರು, ಎಸಿ, ಗಾಳಿ ಮೂರೂ ಇರುವವರಿಗೆ ಉಣ್ಣೆ ಬೆರೆತದ್ದು ಒಳ್ಳೆಯದು. ಉಣ್ಣೆ ಸ್ವಲ್ಪ ತೇವ ಹೀರಿದರೂ ತಣ್ಣಗೆ ಅನ್ನಿಸುವುದಿಲ್ಲ.

ಗೊತ್ತು ಮಾಡಲು ಒಳಹೊಲಿಗೆಯಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತೆಗೆದ ಕೂಡಲೇ ಆರಿ, ಬೂದಿ ಬೆರಳಲ್ಲಿ ಪುಡಿ ಆದರೆ ಉಣ್ಣೆ. ಕರಗಿ ಉರಿಯುತ್ತಾ ಹೋಗಿ ಗಟ್ಟಿ ಕರಿ ಮಣಿ ಉಳಿದರೆ ಅಕ್ರಿಲಿಕ್. ಎರಡೂ ಬೆರೆತಿದ್ದರೆ ವಾಸನೆಯೂ ಬರುತ್ತದೆ, ಮಣಿಯೂ ಉಳಿಯುತ್ತದೆ. ಅಂಗಡಿಯಲ್ಲಿ ಇದನ್ನು ಮಾಡಲು ಬಿಡುವುದಿಲ್ಲ ಬಿಡಿ. ಅಲ್ಲಿ ಒಳಗಿನ ಚೀಟಿ ಓದಿ.

ಕೆಲಗೇರಿ ಟೀಚರ್ · ಅಕ್ಟೋಬರ್ 14

ಎಲ್ಲರೂ ಕುರ್ತಾ ಮಾತಾಡುತ್ತಿದ್ದೀರಿ. ನನ್ನದು ದಿನಾ ಸೀರೆ. ಸೀರೆಯ ಮೇಲೆ ಸ್ವೆಟರ್ ಹಾಕಿದರೆ ಸೆರಗು ಒಳಗೆ ಮುದ್ದೆ, ಪಾಠ ಮಾಡುವಾಗ ತೆಗೆದರೆ ನಿರಿಗೆ ಕೆಡುತ್ತದೆ. ಶಾರದಕ್ಕ, ನನ್ನ ಇಳಕಲ್ ಸೀರೆಗಳ ಖಣದ ಕುಬಸಕ್ಕೆ ಉದ್ದ ತೋಳು ಕೂಡಿಸಬಹುದಾ?

ಬೆಟಗೇರಿ ಶಾರದಕ್ಕ · ಅಕ್ಟೋಬರ್ 14

ಟೀಚರ್, ಖಣದ ಅಗಲ ಕಡಿಮೆ, ಒಂದು ಖಣದಲ್ಲಿ ಉದ್ದ ತೋಳು ಬರುವುದಿಲ್ಲ. ಇನ್ನೊಂದು ಖಣ ಅದೇ ಬಣ್ಣದಲ್ಲಿ ಸಿಗುವುದೂ ಕಷ್ಟ. ಸೀರೆಗೆ ಬದಲಿಸಬೇಕಾದದ್ದು ಕುಬಸವನ್ನೇ. ಕಪ್ಪು ಅಥವಾ ಕುಂಕುಮ ಬಣ್ಣದ, ಹಿಗ್ಗುವ ಹೆಣಿಗೆಯ ಉದ್ದ ತೋಳಿನ ಕುಬಸ ಒಂದು ಇಟ್ಟುಕೊಳ್ಳಿ, ನಾಲ್ಕೈದು ಸೀರೆಗೆ ಹೊಂದುತ್ತದೆ. ಅದು ಮೈಗೆ ತಾಗುವ ಬಟ್ಟೆ, ಮಧ್ಯಾಹ್ನ ತೆಗೆಯಲು ಆಗುವುದಿಲ್ಲ, ಆದ್ದರಿಂದ ತೋಳು ಮಡಚಿ ಮೇಲೆ ಏರಿಸುವಷ್ಟು ಸಡಿಲ ಇರಲಿ. ಬೆಳಗಿನ ಹೊತ್ತಿಗೆ ಮೇಲೆ ಶಾಲು. ಸ್ವೆಟರ್‌ನ ಮಾತೇ ಬೇಡ.

ಸಪ್ತಾಪುರದ ರೇಖಾ · ನವೆಂಬರ್ 23

ಎಲ್ಲರಿಗೂ ಹೇಳಬೇಕಾದದ್ದು ಇದೆ, ತಡವಾಯಿತು.

ಸ್ವೆಟರ್ ತಂದೆ. ಚಳಿಗಾಲಕ್ಕೆ ಅಂಗಡಿ ಹಾಕುವ ಟಿಬೆಟನ್ನರ ಹತ್ತಿರ, ಮುಂದೆ ಗುಂಡಿ ಇರುವುದು, ಬೂದು ಬಣ್ಣ. ಶಾರದಕ್ಕ ಹೇಳಿದ ಹಾಗೆ ಕುರ್ತಾ ಮೇಲೆಯೇ ಹಾಕಿ ನೋಡಿದೆ. 750 ರೂಪಾಯಿ ಕೊಟ್ಟೆ. ಮನೆಗೆ ಬಂದು ಎಳೆ ಸುಟ್ಟು ನೋಡಿದೆ. ಕೂದಲಿನ ವಾಸನೆ ಬಂತು, ಸಣ್ಣ ಮಣಿಯೂ ಉಳಿಯಿತು. ಅಂದರೆ ಬೆರೆತದ್ದು. ನನಗೆ ಸಮಾಧಾನ ಆಯಿತು.

ಕೋಟಿನ ಪಟ್ಟಿ ಇಲ್ಲೇ ಒಬ್ಬ ಟೇಲರ್ ಹತ್ತಿರ ಇಡಿಸಿದೆ. ಅವರು ಪಟ್ಟಿಯ ಬಟ್ಟೆ ತಮ್ಮ ಹತ್ತಿರವೇ ಇದೆ, ನೆನೆಸುವುದು ಏನೂ ಬೇಡ ಅಂದರು. ನಾನೂ ಸುಮ್ನೆ ಹೂಂ ಅಂದೆ. ಮೊದಲ ಸಲ ಒಗೆದ ಮೇಲೆ ಎರಡೂ ಪಕ್ಕೆ ಸುಕ್ಕು ಸುಕ್ಕಾಗಿ ಎಳೆದುಕೊಂಡಿತು, ಕೆಳಗಿನ ಅಂಚು ಅರ್ಧ ಇಂಚು ಮೇಲೆ ಹೋಯಿತು. ಅದನ್ನು ಬಿಚ್ಚಿಸಿ, ನೆನೆಸಿದ ಬಟ್ಟೆ ಕೊಟ್ಟು ಮತ್ತೆ ಹೊಲಿಸಿದೆ. ಎರಡು ಸಲದ ಮಜೂರಿ ಸೇರಿ 260 ಆಯಿತು.

ಈಗ ಹೀಗಿದೆ. ಸ್ಕೂಟಿಯ ದಿನ ಕುರ್ತಾ, ಸ್ವೆಟರ್, ಕೋಟು, ಕೆಳಗೆ ಜೀನ್ಸ್. ಪಲಾಝೊ ಗಾಡಿಯ ಮೇಲೆ ಆಗುವುದೇ ಇಲ್ಲ, ಗಾಳಿ ತುಂಬಿಕೊಂಡು ಮೊಳಕಾಲವರೆಗೆ ಥಂಡಿ. ಬಸ್ಸಿನ ದಿನ ಪಲಾಝೊ. ಜುಬಿಲಿ ಸರ್ಕಲ್‌ನಲ್ಲಿ ಕೋಟು ತೆಗೆದು ಚೀಲಕ್ಕೆ, ಚಿಗರಿಯಲ್ಲಿ ಸ್ವೆಟರ್ ಒಂದೇ. ಅಲ್ಲಿ ಎದುರು ಗಾಳಿ ಇಲ್ಲವಲ್ಲ, ಅಷ್ಟು ಸಾಕು. ಲ್ಯಾಬ್‌ನಲ್ಲಿ ಬಿಳಿ ಕೋಟು ಇರುವುದರಿಂದ 8 ಗಂಟೆಗೆ ಸ್ವೆಟರ್‌ನೂ ತೆಗೆಯುತ್ತೇನೆ. ಮಧ್ಯಾಹ್ನ 3ಕ್ಕೆ ಕುರ್ತಾ ಮೇಲೆ ಬರೀ ಬಿಸಿಲು ಕೋಟು, ಏಪ್ರಿಲ್‌ನ ಹಾಗೆಯೇ.

ಒಂದು ತಿಳಿಯದೇ ಉಳಿದಿದೆ. ಎದೆ, ಬೆನ್ನು ಎಲ್ಲ ಬೆಚ್ಚಗಿದೆ. ಆದರೆ ಸ್ಕೂಟಿಯಲ್ಲಿ ಸತ್ತೂರು ದಾಟುವಾಗ ಮಣಿಕಟ್ಟಿನಿಂದ ತೋಳಿನೊಳಗೆ ಗಾಳಿ ಏರುತ್ತದೆ. ಅದಕ್ಕೆ ಏನು ಮಾಡಲಿ?

ಬೆಟಗೇರಿ ಶಾರದಕ್ಕ · ನವೆಂಬರ್ 23

ಬಿಸಿಲಿಗೆ ಕೈಗೆ ಹಾಕುವ ತೋಳಿನ ಕವರ್ ಇಲ್ಲವಾ? ಬೇಸಿಗೆಯಲ್ಲಿ ಕಪ್ಪಾಗಬಾರದು ಅಂತ ಎಲ್ಲ ಹುಡುಗಿಯರೂ ಹಾಕುತ್ತಾರಲ್ಲ, ಹೆಬ್ಬೆರಳಿಗೆ ತೂತು ಇರುವುದು. ಅದನ್ನು ಒಳಗೆ ಹಾಕಿ, ಸ್ವೆಟರ್ ಮತ್ತು ಕೋಟಿನ ತೋಳನ್ನು ಅದರ ಮೇಲೆ ಎಳೆ. ಕೋಟಿನ ಮುಂಗೈಗೆ ಒಂದು ಪ್ರೆಸ್ ಬಟನ್ ಹಾಕಿಸಿದರೆ ಇನ್ನೂ ಒಳ್ಳೆಯದು.

ಸಪ್ತಾಪುರದ ರೇಖಾ · ನವೆಂಬರ್ 24

ಇದೆ! ಟೇಬಲ್ ಡ್ರಾಯರ್‌ನಲ್ಲಿ ಬಿದ್ದಿತ್ತು. ಇವತ್ತೇ ಹಾಕಿದೆ. ಗಾಳಿ ನಿಂತಿತು.

ಮಾಳಮಡ್ಡಿ ಅಜ್ಜಿ · ನವೆಂಬರ್ 24

ಕಿವಿಗೆ ವೇಲ್ ಕಟ್ಟಿಕೋ ಮಗಳೇ, ಹೆಲ್ಮೆಟ್ ಒಳಗೆ. ಮತ್ತೆ ಫೆಬ್ರವರಿಯಲ್ಲಿ ಆ ಸ್ವೆಟರ್ ಎತ್ತಿಡುವಾಗ ಒಗೆದೇ ಇಡು. ಬೆವರು ಇದ್ದಲ್ಲೇ ನುಸಿ ಹುಳ ಮೊದಲು ತಿನ್ನುತ್ತದೆ, ಕಾಲರು ಮತ್ತು ಬಗಲು.

ಕೆಲಗೇರಿ ಟೀಚರ್ · ಡಿಸೆಂಬರ್ 9

ಕುಂಕುಮ ಬಣ್ಣದ ಹೆಣಿಗೆ ಕುಬಸ ಸಿಕ್ಕಿತು. ಮೂರು ಸೀರೆಗೆ ಹೊಂದಿತು, ಹಸಿರಿಗೆ ಹೊಂದಲಿಲ್ಲ. ಆದರೆ ತೊಳೆದ ಮೇಲೆ ತೋಳು ಉದ್ದ ಆಗಿದೆ, ಬೆರಳವರೆಗೆ ಬರುತ್ತದೆ. ಹಗ್ಗಕ್ಕೆ ನೇತು ಹಾಕಿದ್ದೆ. ಅದೇ ಕಾರಣ ಇರಬೇಕಾ?

ಉಣಕಲ್ ವಿನಯಾ · ಡಿಸೆಂಬರ್ 9

ಹೌದು ಟೀಚರ್. ನೀರು ಕುಡಿದ ಹೆಣಿಗೆ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಚಾಪೆಯ ಮೇಲೆ ಹರವಿ ಒಣಗಿಸಿ. ಇನ್ನೊಮ್ಮೆ ನೆನೆಸಿ, ತೋಳನ್ನು ಕೈಯಿಂದ ಗಿಡ್ಡ ಮಾಡಿ ಹರವಿ ನೋಡಿ. ಸ್ವಲ್ಪ ವಾಪಸ್ ಬರಬಹುದು.

ರಾಣೆಬೆನ್ನೂರು ಮಂಜು · ಡಿಸೆಂಬರ್ 14

ಕಂಬಳಿ ಕತ್ತರಿಸಲಿಲ್ಲ. ಅಪ್ಪ ಬೇಡ ಅಂದರು. ಬೆಳಗ್ಗೆ ವಾಕಿಂಗ್‌ಗೆ ಹಾಗೇ ಹೊದ್ದು ಹೋಗುತ್ತಿದ್ದೇನೆ, ಒಳಗೆ ಬೇಸಿಗೆಯ ಟೀ ಶರ್ಟ್. ಚೆನ್ನಾಗಿದೆ. ಆದರೆ ಬೈಕ್ ಮೇಲೆ ಆಗುವುದಿಲ್ಲ, ಹಾಗಾಗಿ ಜಾಕೆಟ್ ಆಸೆ ಇನ್ನೂ ಹೋಗಿಲ್ಲ. ಮೆಡ್ಲೇರಿಯಲ್ಲಿ ತೆಳ್ಳಗೆ ನೇಯ್ದುಕೊಡುವವರು ಇದ್ದಾರಾ ಅಂತ ವಿಚಾರಿಸಬೇಕು. ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.

ಅಣ್ಣಿಗೇರಿ ಸುಮಾ · ಡಿಸೆಂಬರ್ 16

ಶಾರದಕ್ಕ, ನನ್ನ ಎದೆ ಸುತ್ತು 42, ಕುರ್ತಾ 44, ಕೋಟು 45. ಸ್ವೆಟರ್ ಸ್ವಲ್ಪ ದಪ್ಪ ಇದೆ. ನನಗೆ ಪಟ್ಟಿ ಎಷ್ಟು ಬೇಕು?

ಬೆಟಗೇರಿ ಶಾರದಕ್ಕ · ಡಿಸೆಂಬರ್ 16

ದಪ್ಪ ಸ್ವೆಟರ್‌ಗೆ ಎರಡು ಇಂಚು ಹಿಡಿ. 44ಕ್ಕೆ 2 ಸೇರಿ 46, ಓಡಾಡಲು 3, ಒಟ್ಟು 49. ನಿನ್ನ ಕೋಟಿಗೆ ನಾಲ್ಕು ಇಂಚು ಕೂಡಿಸಬೇಕು, ಅಂದರೆ ಪಕ್ಕೆಗೆ ಎರಡೆರಡು. ಅಷ್ಟು ಅಗಲದ ಪಟ್ಟಿ ಪಕ್ಕದಲ್ಲಿ ಎದ್ದು ಕಾಣುತ್ತದೆ, ಭುಜವೂ ಇಳಿಬೀಳುತ್ತದೆ. ನಿನಗೆ ಪಟ್ಟಿ ಬೇಡ. ತೆಳ್ಳನೆಯ ಸ್ವೆಟರ್ ಹುಡುಕು. ಅದಕ್ಕೆ ಒಂದೂವರೆ ಹಿಡಿದರೂ ಪಕ್ಕೆಗೆ ಒಂದೂಮುಕ್ಕಾಲು ಬೇಕು, ಕಷ್ಟವೇ. ಮನೆಯಲ್ಲಿ ಅಣ್ಣನದೋ ತಮ್ಮನದೋ ಬಿಗಿ ನೇಯ್ಗೆಯ ಹಳೆಯ ದೊಡ್ಡ ಅಂಗಿ ಇದ್ದರೆ ಮೊದಲು ಅದನ್ನು ಊದಿ ನೋಡು. ಕೋಟಿನ ಬದಲು ಅದನ್ನೇ ಮೇಲೆ ಹಾಕಬಹುದು.

ಅಣ್ಣಿಗೇರಿ ಸುಮಾ · ಡಿಸೆಂಬರ್ 17

ತಮ್ಮನ ಡೆನಿಮ್ ಅಂಗಿ ಇದೆ ಅಕ್ಕಾ. ಊದಿದೆ, ಉಸಿರು ದಾಟಲಿಲ್ಲ. ಅವನನ್ನು ಕೇಳಬೇಕು ಈಗ.